ನಿಗದಿ ಬಾಡಿಗೆಯೋ, ಮಾರಾಟದ ಪಾಲೋ? : ಸಣ್ಣ ಮಳಿಗೆಯ ಬಾಡಿಗೆದಾರನ ಲೆಕ್ಕಾಚಾರ

ಸಾಗರದಿಂದ ಜೋಗಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಜೇನುತುಪ್ಪ, ಕೋಕಂ, ಏಲಕ್ಕಿ, ಮೆಣಸು ಮುಂತಾದ ಮಲೆನಾಡಿನ ಸರಕುಗಳನ್ನು ಚಿಲ್ಲರೆಯಾಗಿ ಮಾರುವ ಒಂದು ಸಣ್ಣ ಮಳಿಗೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಕಟ್ಟಡದ ಮಾಲೀಕರು ಬಾಡಿಗೆದಾರನ ಮುಂದೆ ಎರಡು ಪ್ರಸ್ತಾಪಗಳನ್ನು ಇಟ್ಟಿದ್ದಾರೆ. ಮೊದಲನೆಯದು, ತಿಂಗಳಿಗೆ ರೂ. 15,000 ನಿಗದಿ ಬಾಡಿಗೆ. ಎರಡನೆಯದು, ಮಾರಾಟದ ಮೇಲೆ ಶೇಕಡಾ 6ರ ಪಾಲು. ಆದರೆ ಯಾವುದೇ ತಿಂಗಳಲ್ಲಿ ರೂ. 6,000ಕ್ಕಿಂತ ಕಡಿಮೆಯಾಗಕೂಡದು. ಬೆಂಗಳೂರಿನ ಮಾಲ್‌ಗಳಲ್ಲಿ ಎರಡನೆಯ ಪದ್ಧತಿ ಹೊಸದೇನಲ್ಲ. 2020ರಲ್ಲಿ ಕೋವಿಡ್ ಕಾರಣದಿಂದ ಅಂಗಡಿಗಳು ಮುಚ್ಚಿ ತೆರೆದಾಗ ದೇಶದ ಅನೇಕ ಮಾಲ್‌ಗಳ ಬಾಡಿಗೆದಾರರು ನಿಗದಿ ಬಾಡಿಗೆಯನ್ನು ಬಿಟ್ಟು ಮಾರಾಟದ ಪಾಲಿಗೆ ಬದಲಾಯಿಸಿಕೊಡುವಂತೆ ಕೇಳಿಕೊಂಡರು. ನಮ್ಮ ಭಾಗದ ಕೃಷಿಕರಿಗಂತೂ ಗೇಣಿಗೂ ವಾರಕ್ಕೂ ಇರುವ ವ್ಯತ್ಯಾಸ ತಲೆಮಾರುಗಳಿಂದ ಗೊತ್ತಿರುವಂಥದೇ.

ಸಾಮಾನ್ಯವಾಗಿ ಎಲ್ಲರೂ ಮಾಡುವ ಮೊದಲ ಲೆಕ್ಕ ಸುಲಭವಾದುದು. ವರ್ಷದ ನಿಗದಿ ಬಾಡಿಗೆ ರೂ. 1,80,000. ಇದನ್ನು ಶೇಕಡಾ 6ರಿಂದ ಭಾಗಿಸಿದರೆ ರೂ. 30 ಲಕ್ಷ ಬರುತ್ತದೆ. ಅಂದರೆ ವರ್ಷದ ಮಾರಾಟ 30 ಲಕ್ಷದಲ್ಲಿ ಎರಡೂ ಬಾಡಿಗೆಗಳು ಸಮ; ಅದಕ್ಕಿಂತ ಕಡಿಮೆಯಿದ್ದರೆ ಪಾಲು ಅಗ್ಗ, ಹೆಚ್ಚಿದ್ದರೆ ನಿಗದಿ ಬಾಡಿಗೆ ಅಗ್ಗ. ಈ ಲೆಕ್ಕ ಸರಿಯಾದುದೇ, ಆದರೆ ಅಪೂರ್ಣ. ಜೋಗದ ಹಾದಿಯ ವ್ಯಾಪಾರ ಹನ್ನೆರಡು ತಿಂಗಳೂ ಒಂದೇ ಸಮನಾಗಿ ನಡೆಯುವುದಿಲ್ಲವಾದ್ದರಿಂದ ತಿಂಗಳುವಾರು ನೋಡುವುದು ಅವಶ್ಯಕ.

ನಮ್ಮ ಮಳಿಗೆಯ ಸಾಧಾರಣ ವರ್ಷ ಹೀಗಿರಲಿ. ಜಲಪಾತ ತುಂಬಿ ಹರಿಯುವ ಜುಲೈಯಿಂದ ಅಕ್ಟೋಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿ ತಿಂಗಳಿಗೆ ರೂ. 4,00,000, ಶಾಲಾ ಪ್ರವಾಸಗಳೂ ಸಿಗಂದೂರಿನ ಸಂಕ್ರಾಂತಿ ಜಾತ್ರೆಯೂ ಬರುವ ಡಿಸೆಂಬರ್ ಮತ್ತು ಜನವರಿಯಲ್ಲಿ ರೂ. 3,00,000, ಬೇಸಿಗೆ ರಜೆಯ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ರೂ. 2,50,000, ಉಳಿದ ನಾಲ್ಕು ತಿಂಗಳುಗಳಲ್ಲಿ ಕೇವಲ ರೂ. 75,000. ತೆರಿಗೆಯನ್ನು ಹೊರತುಪಡಿಸಿ ವರ್ಷದ ಮಾರಾಟ ಸರಿಯಾಗಿ 30 ಲಕ್ಷ. ಮೊದಲಿನ ಲೆಕ್ಕದಂತೆ ಎರಡೂ ಬಾಡಿಗೆಗಳು ಸಮವಾಗಬೇಕಾಗಿತ್ತು.

ಆದರೆ ಆಗುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳಿಗೆ ತಲಾ 24,000ದಂತೆ ರೂ. 96,000, ಡಿಸೆಂಬರ್–ಜನವರಿಗೆ ರೂ. 36,000, ಏಪ್ರಿಲ್–ಮೇಗೆ ರೂ. 30,000. ಕೊನೆಯ ನಾಲ್ಕು ತಿಂಗಳುಗಳಲ್ಲಿ ಶೇಕಡಾ 6ರಂತೆ ತಿಂಗಳಿಗೆ ರೂ. 4,500 ಬರಬೇಕು, ಕನಿಷ್ಠ ಬಾಡಿಗೆಯ ಷರತ್ತಿನಿಂದ ರೂ. 6,000 ಕೊಡಬೇಕಾಗುತ್ತದೆ, ಅಂದರೆ ಒಟ್ಟು ರೂ. 24,000. ಎಲ್ಲವೂ ಸೇರಿ ರೂ. 1,86,000. ಕನಿಷ್ಠ ಬಾಡಿಗೆಯನ್ನು ತಿಂಗಳಿಗೊಮ್ಮೆ ಲೆಕ್ಕ ಹಾಕಿದ್ದರ ಬೆಲೆ ಈ ಹೆಚ್ಚುವರಿ ರೂ. 6,000. ಅದೇ ಕನಿಷ್ಠವನ್ನು ವರ್ಷಕ್ಕೆ ರೂ. 72,000 ಎಂದು ಬರೆದು, ವರ್ಷಾಂತ್ಯದಲ್ಲಿ ಒಟ್ಟು ಮಾರಾಟದ ಮೇಲೆ ತೀರುವಳಿ ಮಾಡಿಕೊಂಡರೆ ಪಾಲು ರೂ. 1,80,000ಕ್ಕೇ ನಿಲ್ಲುತ್ತದೆ. ಕರಾರಿನಲ್ಲಿ ‘ಪ್ರತಿ ತಿಂಗಳು’ ಎಂಬ ಎರಡು ಪದಗಳ ಮೇಲೆ ಎಷ್ಟು ಹಣ ನಿಂತಿದೆಯೆಂಬುದನ್ನು ಸಹಿ ಹಾಕುವ ಮೊದಲೇ ತಿಳಿದಿರಬೇಕು.

ಇನ್ನು ಲಾಭದ ವಿಚಾರ. ಸರಕಿನ ಖರೀದಿ ಬೆಲೆಯನ್ನು ಕಳೆದ ಮೇಲೆ ಮಾರಾಟದ ಶೇಕಡಾ 22 ಒಟ್ಟು ಲಾಭವಾಗಿ ಉಳಿಯುತ್ತದೆಂದೂ, ಒಬ್ಬ ಸಹಾಯಕನ ಸಂಬಳ, ವಿದ್ಯುತ್, ಮಾಲೀಕನ ಮನೆಖರ್ಚಿನ ಹಣ ಇತ್ಯಾದಿ ಸೇರಿ ತಿಂಗಳಿಗೆ ರೂ. 30,000ದಂತೆ ವರ್ಷಕ್ಕೆ ರೂ. 3,60,000 ಖರ್ಚೆಂದೂ ಇಟ್ಟುಕೊಳ್ಳೋಣ. ಮಳೆಗಾಲದ ನಾಲ್ಕು ತಿಂಗಳುಗಳೇ ಇಲ್ಲಿ ನಿರ್ಣಾಯಕ. ಮಳೆ ಕೈಕೊಟ್ಟು ಜಲಪಾತ ಸೊರಗಿ ಆ ತಿಂಗಳುಗಳ ಮಾರಾಟ 2,00,000ಕ್ಕೆ ಇಳಿದರೆ ಅದು ಕೆಟ್ಟ ವರ್ಷ. 5,50,000ಕ್ಕೆ ಏರಿದರೆ ಒಳ್ಳೆಯ ವರ್ಷ. ಉಳಿದ ತಿಂಗಳುಗಳಲ್ಲಿ ಬದಲಾವಣೆಯಿಲ್ಲ. ಖರ್ಚುಗಳನ್ನೂ ಬಾಡಿಗೆಯನ್ನೂ ಕಳೆದು ಉಳಿಯುವುದು ಹೀಗೆ (ರೂಪಾಯಿಗಳಲ್ಲಿ):

| | ಕೆಟ್ಟ ವರ್ಷ | ಸಾಧಾರಣ ವರ್ಷ | ಒಳ್ಳೆಯ ವರ್ಷ |
|---|---|---|---|
| ಮಾರಾಟ | 22,00,000 | 30,00,000 | 36,00,000 |
| ಒಟ್ಟು ಲಾಭ | 4,84,000 | 6,60,000 | 7,92,000 |
| ನಿಗದಿ ಬಾಡಿಗೆಯಾದರೆ ಉಳಿಕೆ | ನಷ್ಟ 56,000 | 1,20,000 | 2,52,000 |
| ಪಾಲಿನ ಬಾಡಿಗೆ (ತಿಂಗಳ ಕನಿಷ್ಠ ಸಹಿತ) | 1,38,000 | 1,86,000 | 2,22,000 |
| ಪಾಲಾದರೆ ಉಳಿಕೆ | ನಷ್ಟ 14,000 | 1,14,000 | 2,10,000 |

ಕೆಟ್ಟ ವರ್ಷದಲ್ಲಿ ಪಾಲಿನ ಪದ್ಧತಿ ರೂ. 42,000 ಉಳಿಸಿತು, ಒಳ್ಳೆಯ ವರ್ಷದಲ್ಲಿ ಅಷ್ಟೇ ಮೊತ್ತವನ್ನು ಕಟ್ಟಡದ ಮಾಲೀಕರು ಪಡೆದರು. ಇಲ್ಲಿ ಗಮನಿಸಬೇಕಾದುದು, ಪಾಲಿನ ಪದ್ಧತಿಯೂ ನಷ್ಟವನ್ನು ಪೂರ್ತಿಯಾಗಿ ತಪ್ಪಿಸಲಿಲ್ಲ. ನಿಗದಿ ಬಾಡಿಗೆಯಲ್ಲಿ ಅಂಗಡಿ ನಷ್ಟವಿಲ್ಲದೆ ನಡೆಯಲು ಸುಮಾರು 24.55 ಲಕ್ಷದ ಮಾರಾಟ ಬೇಕು. ಪಾಲಿನಲ್ಲಿ ಸುಮಾರು 22.88 ಲಕ್ಷ ಬೇಕು. ಅಂತರ ಎರಡು ಲಕ್ಷಕ್ಕೂ ಕಡಿಮೆ. ಸಂಬಳವೂ ಮನೆಖರ್ಚೂ ಎರಡೂ ಪದ್ಧತಿಗಳಲ್ಲಿ ಅಚಲವಾಗಿರುವುದು ಇದಕ್ಕೆ ಕಾರಣ. ಪಾಲಿನ ನಿಜವಾದ ಉಪಕಾರ ಬೇರೆಡೆ ಇದೆ. ಜೂನ್‌ನಂತಹ ತಿಂಗಳಲ್ಲಿ ಒಟ್ಟು ಲಾಭವೇ ರೂ. 16,500, ನಿಗದಿ ಬಾಡಿಗೆ ಕೊಟ್ಟರೆ ಆ ತಿಂಗಳ ಕೊರತೆ ರೂ. 28,500, ಪಾಲಿನಲ್ಲಾದರೆ ರೂ. 19,500. ಅಂತಹ ನಾಲ್ಕು ತಿಂಗಳುಗಳಿಗೆ ಕೈಯಿಂದ ಹಾಕಬೇಕಾದ ಹಣ ರೂ. 36,000ದಷ್ಟು ಕಡಿಮೆಯಾಗುತ್ತದೆ. ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಓವರ್‌ಡ್ರಾಫ್ಟ್ ಇಲ್ಲದ ಹೊಸ ವ್ಯಾಪಾರಿಗೆ ಇದು ವರ್ಷಾಂತ್ಯದ ಲಾಭಕ್ಕಿಂತ ಮುಖ್ಯ. ಕೈಯಲ್ಲಿ ಬಂಡವಾಳವಿರುವ, ಮೂರು ವರ್ಷಗಳ ಮಾರಾಟದ ದಾಖಲೆಯಿರುವ ಹಳೆಯ ವ್ಯಾಪಾರಿಗೆ ನಿಗದಿ ಬಾಡಿಗೆಯೇ ಹೆಚ್ಚು ಸೂಕ್ತ. ಅಂದಹಾಗೆ, ಸಾಗರ ಪೇಟೆಯೊಳಗಿನ ಅಂಗಡಿಯಾದರೆ ಸರಾಸರಿಗೆ ಮೂರು ವರ್ಷಗಳನ್ನೇ ತೆಗೆದುಕೊಳ್ಳಬೇಕು. ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ನಡೆಯುವುದರಿಂದ ಜಾತ್ರೆಯ ವರ್ಷವೊಂದನ್ನೇ ಆಧಾರವಾಗಿಟ್ಟರೆ ಅಂದಾಜು ದಾರಿತಪ್ಪುತ್ತದೆ.

ಪಾಲನ್ನು ಒಪ್ಪಿಕೊಳ್ಳುವುದಾದರೆ ‘ಮಾರಾಟ’ವೆಂದರೆ ಏನೆಂಬುದೇ ಕರಾರಿನ ಜೀವಾಳ. ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ರೈತ ಸತ್ಯಾಗ್ರಹದ ಹಿಂದೆ ಗೇಣಿ ಅಳೆಯುವ ಕೊಳಗದ ಗಾತ್ರದ ತಕರಾರೂ ಇತ್ತೆಂಬುದು ಇಲ್ಲಿಯ ಓದುಗರಿಗೆ ತಿಳಿದ ಸಂಗತಿ. ಕರಾರಿನ ದರ ಒಂದೇ ಇದ್ದರೂ ಅಳತೆ ಬದಲಾದರೆ ಕೊಡುವ ಮೊತ್ತ ಬದಲಾಗುತ್ತದೆ. ಅಂಗಡಿಯಲ್ಲಿ ಈ ಅಳತೆ ಕೆಡುವುದು ಸಾಮಾನ್ಯವಾಗಿ ಎರಡು ಕಡೆ.

ಒಂದು, ತೆರಿಗೆ. ಗಿರಾಕಿಯಿಂದ ಪಡೆದ ಜಿ.ಎಸ್.ಟಿ. ವ್ಯಾಪಾರಿಯ ಹಣವಲ್ಲ. ಎಲ್ಲ ಸರಕಿಗೂ ಶೇಕಡಾ 5ರ ತೆರಿಗೆಯೆಂದು ಹಿಡಿದರೆ 30 ಲಕ್ಷದ ಮಾರಾಟಕ್ಕೆ ತೆರಿಗೆ ಒಂದೂವರೆ ಲಕ್ಷ. ಕರಾರಿನಲ್ಲಿ ‘ಬಿಲ್ಲಿನ ಒಟ್ಟು ಮೊತ್ತದ ಮೇಲೆ’ ಎಂದಿದ್ದರೆ ಸರ್ಕಾರಕ್ಕೆ ಕಟ್ಟುವ ಹಣದ ಮೇಲೂ ರೂ. 9,000 ಬಾಡಿಗೆ ತೆರಬೇಕಾಗುತ್ತದೆ.

ಎರಡು, ಕಡಿಮೆ ಲಾಭದ ಸಗಟು ಮಾರಾಟ. ಇದು ಮೊದಲನೆಯದಕ್ಕಿಂತ ಅಪಾಯಕಾರಿ, ಏಕೆಂದರೆ ವ್ಯಾಪಾರ ಬೆಳೆಯುತ್ತಿರುವಂತೆ ಕಾಣುತ್ತಲೇ ನಷ್ಟವಾಗುತ್ತಿರುತ್ತದೆ. ಬೆಂಗಳೂರಿನ ಅಂಗಡಿಯೊಂದು ಎರಡು ಲಕ್ಷ ರೂಪಾಯಿಗಳ ಉಪ್ಪಿನಕಾಯಿಗೆ ಬೇಡಿಕೆ ಕೊಟ್ಟಿದೆ, ಅದರಲ್ಲಿ ಉಳಿಯುವುದು ಶೇಕಡಾ 5 ಎಂದಿಟ್ಟುಕೊಳ್ಳಿ. ಒಟ್ಟು ಲಾಭ ರೂ. 10,000, ಶೇಕಡಾ 6ರ ಪಾಲು ರೂ. 12,000. ಸಾಗಣೆ ವೆಚ್ಚಕ್ಕೆ ಮೊದಲೇ ರೂ. 2,000 ಕೈಬಿಟ್ಟಿತು. ನಿಗದಿ ಬಾಡಿಗೆಯಲ್ಲಿ ಇದೇ ಬೇಡಿಕೆ ರೂ. 10,000 ತಂದುಕೊಡುತ್ತಿತ್ತು. ಆದುದರಿಂದ ಸಗಟು ಮಾರಾಟ, ಗಿರಾಕಿ ಹಿಂದಿರುಗಿಸಿದ ಸರಕು, ಕೇವಲ ಕಮಿಷನ್ ಮೇಲೆ ಇಟ್ಟ ಪರರ ಸರಕು — ಇವುಗಳನ್ನು ಪಾಲಿನ ಲೆಕ್ಕದಿಂದ ಹೊರಗಿಡುವ ಅಥವಾ ಇವಕ್ಕೆ ಶೇಕಡಾ 1ರಂತಹ ಬೇರೆ ದರ ಹಾಕುವ ಷರತ್ತನ್ನು ಬರೆಸಿಕೊಳ್ಳಬೇಕು. ಕಮಿಷನ್ ಸರಕಿನಲ್ಲಿ ಬರುವ ಕಮಿಷನ್ ಹಣವನ್ನು ಮಾತ್ರ ಮಾರಾಟವೆಂದು ಎಣಿಸುವುದು ನ್ಯಾಯ.

ಕಟ್ಟಡದ ಮಾಲೀಕರ ಸಂಶಯವೂ ಸಹಜವಾದುದೇ. ಗಲ್ಲಾಪೆಟ್ಟಿಗೆಯ ಕೀಲಿ ಬಾಡಿಗೆದಾರನ ಕೈಯಲ್ಲಿರುತ್ತದೆ. ಕ್ರಮಸಂಖ್ಯೆಯುಳ್ಳ ಬಿಲ್ಲುಗಳು, ದಿನದ ಕೊನೆಗೆ ನಗದು ಮತ್ತು ಯು.ಪಿ.ಐ. ಮೊತ್ತಗಳನ್ನು ಬೇರೆಬೇರೆಯಾಗಿ ಬರೆದ ಒಂದು ಹಾಳೆ, ಜಿ.ಎಸ್.ಟಿ. ರಿಟರ್ನಿನ ಪ್ರತಿ — ಈ ಮೂರು ತಾಳೆಯಾದರೆ ಸಾಕು. ಖರೀದಿಯ ಬಿಲ್ಲುಗಳನ್ನು ತೋರಿಸುವ ಷರತ್ತನ್ನು ಮಾತ್ರ ಒಪ್ಪಬಾರದು. ಲಾಭದ ಪ್ರಮಾಣ ಮಾಲೀಕರಿಗೆ ತಿಳಿದರೆ ಮುಂದಿನ ಕರಾರಿನ ದರ ಅದರ ಮೇಲೆಯೇ ನಿಲ್ಲುತ್ತದೆ.

ಬಾಡಿಗೆಯ ಮೇಲಿನ ಜಿ.ಎಸ್.ಟಿ. ಎರಡೂ ಪದ್ಧತಿಗಳಿಗೆ ಒಂದೇ, ಶೇಕಡಾ 18. ಮಾಲೀಕರು ನೋಂದಾಯಿತರಾಗಿರದೆ ಬಾಡಿಗೆದಾರ ನೋಂದಾಯಿತನಾಗಿದ್ದರೆ, 2024ರ ಅಕ್ಟೋಬರ್ 10ರಿಂದ ಬಾಡಿಗೆದಾರನೇ ಅದನ್ನು ಕಟ್ಟಬೇಕಾಯಿತು. ರಾಜಿ ತೆರಿಗೆ ಪದ್ಧತಿಯ ವ್ಯಾಪಾರಿಗಳಿಗೆ 2025ರ ಜನವರಿ 16ರಿಂದ ಇದರಿಂದ ವಿನಾಯಿತಿ ದೊರೆಯಿತು. ನೋಂದಣಿಯ ಬಗ್ಗೆಯೂ ಒಂದು ಮಾತು: ಅನೇಕರು ಹನ್ನೊಂದು ತಿಂಗಳ ಕರಾರು ಮಾಡಿಕೊಳ್ಳುತ್ತಾರೆ. ಪಾಲಿನ ಪದ್ಧತಿಗೆ ಅದು ಹೊಂದುವುದಿಲ್ಲ. ನವೆಂಬರಿನಲ್ಲಿ ಆರಂಭವಾದ ಕರಾರು ಸೆಪ್ಟೆಂಬರಿಗೆ ಮುಗಿದು, ಒಳ್ಳೆಯ ತಿಂಗಳಾದ ಅಕ್ಟೋಬರ್ ಹೊರಗೇ ಉಳಿಯುತ್ತದೆ. ವಾರ್ಷಿಕ ತೀರುವಳಿ ಬೇಕೆಂದರೆ ದೀರ್ಘಾವಧಿಯ ಪತ್ರವನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸುವುದೇ ಸರಿ.

ಕೆಟ್ಟ ವರ್ಷದ ನಂತರ ಒಳ್ಳೆಯ ವರ್ಷ ಬರುತ್ತದೆಂಬ ನಂಬಿಕೆಯ ಮೇಲೆ ಇಷ್ಟೂ ಲೆಕ್ಕ ನಿಂತಿದೆ. ಯಾವಾಗಲೂ ಹಾಗಾಗುವುದಿಲ್ಲ. ಲಿಂಗನಮಕ್ಕಿಯ ಹಿನ್ನೀರನ್ನು ದಾಟಿ ಸಿಗಂದೂರಿಗೆ ಹೋಗುವವರು ದಶಕಗಳ ಕಾಲ ಲಾಂಚಿಗಾಗಿ ದಡದಲ್ಲಿ ಕಾಯುತ್ತಿದ್ದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾದ ಮೇಲೆ ವಾಹನಗಳು ನಿಲ್ಲದೆ ದಾಟಿಹೋಗುವಂತಾಯಿತು. ದ್ವೀಪದ ಜನರಿಗೆ ಅದು ಬಹುಕಾಲದ ಬೇಡಿಕೆ. ಆದರೆ ಕಾಯುವ ಗಿರಾಕಿಯನ್ನೇ ನಂಬಿದ ಅಂಗಡಿಗೆ ಇಂತಹ ಬದಲಾವಣೆ ಒಂದು ಋತುವಿನ ನಷ್ಟವಲ್ಲ. ನಮ್ಮ ಉದಾಹರಣೆಯ ಮಳಿಗೆ ಅಂತಹ ಜಾಗದಲ್ಲಿದ್ದು ಮಾರಾಟ 10 ಲಕ್ಷಕ್ಕೆ ಇಳಿಯಿತೆಂದುಕೊಳ್ಳಿ. ಒಟ್ಟು ಲಾಭ ರೂ. 2,20,000, ಖರ್ಚು ರೂ. 3,60,000, ಬಾಡಿಗೆಯೇ ಇಲ್ಲದಿದ್ದರೂ ನಷ್ಟ. ಕರಾರಿನಲ್ಲಿ ಇನ್ನೂ ಎರಡು ವರ್ಷ ಬಾಕಿಯಿದ್ದು ಬಿಡುವಂತಿಲ್ಲವೆಂದಿದ್ದರೆ, ನಿಗದಿ ಬಾಡಿಗೆಯ ಹೊಣೆ ರೂ. 3,60,000; ಪಾಲಿನಲ್ಲಿ ಕನಿಷ್ಠದ ಹೊಣೆಯೇ ರೂ. 1,44,000. ಹೀಗಾಗಿ ಶೇಕಡಾ 6ನ್ನು 5ಕ್ಕೆ ಇಳಿಸಲು ಚೌಕಾಸಿ ಮಾಡುವುದಕ್ಕಿಂತ, ಸತತ ಆರು ತಿಂಗಳ ಮಾರಾಟವು ಹಿಂದಿನ ವರ್ಷದ ಅದೇ ತಿಂಗಳುಗಳ ಮಾರಾಟದ ಅರ್ಧಕ್ಕಿಂತ ಕೆಳಗಿಳಿದರೆ ಮೂರು ತಿಂಗಳ ನೋಟೀಸು ಕೊಟ್ಟು ಮಳಿಗೆ ತೆರವು ಮಾಡುವ ಹಕ್ಕನ್ನು ಬರೆಸಿಕೊಳ್ಳುವುದು ಲಾಭಕರ. ಆಗ ನೋಟೀಸಿನ ಅವಧಿಗೆ ಕೊಡಬೇಕಾದುದು ಕನಿಷ್ಠ ದರದಲ್ಲಿ ರೂ. 18,000 ಮಾತ್ರ, ಮುಂಗಡ ಹಣದಿಂದಲೇ ಮುರಿದುಕೊಳ್ಳಬಹುದಾದಷ್ಟು.