ಪ್ರಕಾಶಕರಿಗೆ ಪ್ರಸ್ತಾವ ಪತ್ರ: ಪದದಾಟವೊಂದರ ಸೆಳೆತ ಮತ್ತು ವ್ಯಾಪ್ತಿ

ತರಗತಿ: 8ರಿಂದ 10
ಅವಧಿ: 3 ಪಾಠಗಳು

ಕಲಿಕೆಯ ಉದ್ದೇಶ

ಈ ಘಟಕ ಮುಗಿಯುವ ವೇಳೆಗೆ ವಿದ್ಯಾರ್ಥಿಯು ತಾನು ರೂಪಿಸಿದ ಪದದಾಟವೊಂದನ್ನು ಅಪರಿಚಿತ ಪ್ರಕಾಶಕರಿಗೆ ಒಂದೇ ಪುಟದ ಪತ್ರದಲ್ಲಿ ಪರಿಚಯಿಸಬಲ್ಲನು. ಆಟದ ಸೆಳೆತ ಯಾವುದು, ಪುಸ್ತಕದ ವ್ಯಾಪ್ತಿ ಎಷ್ಟು ಎಂಬ ಎರಡು ಪ್ರಶ್ನೆಗಳಿಗೆ ಆ ಪತ್ರದಲ್ಲಿ ನಿಖರವಾದ ಉತ್ತರವಿರಬೇಕು.

ಹಿನ್ನೆಲೆ

ವ್ಯವಹಾರ ಪತ್ರಗಳ ಪಾಠದಲ್ಲಿ ನಾವು ಸಾಮಾನ್ಯವಾಗಿ ರಜೆಯ ಮನವಿ, ದೂರು, ಪುಸ್ತಕಗಳ ಬೇಡಿಕೆ ಇವುಗಳನ್ನು ಬರೆಯಿಸುತ್ತೇವೆ. ಆ ಪತ್ರಗಳನ್ನು ಓದುವವರಿಗೆ ವಿಷಯ ಮೊದಲೇ ತಿಳಿದಿರುತ್ತದೆ. ಪ್ರಸ್ತಾವ ಪತ್ರದ ಸ್ಥಿತಿ ಬೇರೆ. ಅಲ್ಲಿ ಹೇಳಬೇಕಾದ ವಸ್ತುವನ್ನು ಓದುಗರು ಕಂಡೇ ಇರುವುದಿಲ್ಲ, ಪಕ್ಕದಲ್ಲಿ ಕುಳಿತು ವಿವರಿಸುವ ಅವಕಾಶ ಬರೆದವರಿಗೂ ಇರುವುದಿಲ್ಲ.

ಇದಕ್ಕೆ ಹೆಸರಾದ ಒಂದು ನಿದರ್ಶನವಿದೆ. ಲೂಯಿಸ್ ಕ್ಯಾರಲ್ ಎಂಬ ಹೆಸರಿನಿಂದ ಮಕ್ಕಳ ಕಥೆಗಳನ್ನು ಬರೆದ ಆಂಗ್ಲ ಗಣಿತಜ್ಞರು 1877ರ ಕ್ರಿಸ್‌ಮಸ್ ದಿನಗಳಲ್ಲಿ, ಹೊತ್ತು ಹೋಗದೆ ಕುಳಿತಿದ್ದ ಇಬ್ಬರು ಹುಡುಗಿಯರಿಗಾಗಿ ಒಂದು ಪದದಾಟವನ್ನು ಹೂಡಿದರು. ಅದಕ್ಕೆ ‘ಡಬ್ಲೆಟ್ಸ್’ ಎಂದು ಹೆಸರಿಟ್ಟರು. 1879ರ ಮಾರ್ಚ್ ತಿಂಗಳಲ್ಲಿ ‘ವ್ಯಾನಿಟಿ ಫೇರ್’ ಎಂಬ ಲಂಡನ್ನಿನ ವಾರಪತ್ರಿಕೆಯು ಅದನ್ನು ಪ್ರಕಟಿಸತೊಡಗಿತು. ಅದೇ ವರ್ಷ ಮ್ಯಾಕ್‌ಮಿಲನ್ ಸಂಸ್ಥೆಯಿಂದ ಅದರ ಕಿರುಪುಸ್ತಕವೂ ಬಂದಿತು. ಆಟದ ನಿಯಮ ಎರಡೇ ವಾಕ್ಯಗಳದು: ಸಮಾನ ಸಂಖ್ಯೆಯ ಅಕ್ಷರಗಳುಳ್ಳ ಎರಡು ಪದಗಳನ್ನು ಕೊಡಲಾಗುತ್ತದೆ, ಒಮ್ಮೆಗೆ ಒಂದೇ ಅಕ್ಷರವನ್ನು ಬದಲಿಸುತ್ತ, ಪ್ರತಿ ಹೆಜ್ಜೆಯಲ್ಲಿಯೂ ಅರ್ಥವುಳ್ಳ ಪದವನ್ನೇ ಪಡೆಯುತ್ತ, ಮೊದಲನೆಯದರಿಂದ ಎರಡನೆಯದಕ್ಕೆ ತಲುಪಬೇಕು. ತಲೆ ಎಂಬರ್ಥದ ಇಂಗ್ಲಿಷ್ ಪದವನ್ನು ನಡುವೆ ನಾಲ್ಕು ಪದಗಳ ಮೂಲಕ ಬಾಲ ಎಂಬರ್ಥದ ಪದವನ್ನಾಗಿಸಿದ್ದು ಅವರು ಕೊಟ್ಟ ಉದಾಹರಣೆ. ನಿಯಮ ಮತ್ತು ಉದಾಹರಣೆ ಒಟ್ಟಿಗೆ ಬಂದುದರಿಂದ ಓದುಗರು ಕೂಡಲೇ ಆಡಲು ತೊಡಗಬಹುದಾಗಿತ್ತು. ಈ ಘಟಕದಲ್ಲಿ ಇದೇ ಆಟವನ್ನು ಕನ್ನಡಕ್ಕೆ ತಂದು, ಅದರ ಬಗೆಗೆ ಪತ್ರ ಬರೆಯಿಸಲಾಗುವುದು.

ನಿಯಮವನ್ನು ಕನ್ನಡಕ್ಕೆ ಹೊಂದಿಸುವುದು

ಕ್ಯಾರಲ್‌ರ ನಿಯಮವನ್ನು ಇದ್ದಂತೆಯೇ ಕನ್ನಡಕ್ಕೆ ತಂದರೆ ಆಟ ಕೆಡುತ್ತದೆ. ‘ಮಳೆ’ ಎಂಬ ಪದದ ಮೊದಲ ಅಕ್ಷರವನ್ನು ಬದಲಿಸಿದರೆ ಒಂದೇ ನೆಗೆತಕ್ಕೆ ‘ಬೆಳೆ’ ಸಿಗುತ್ತದೆ. ಯೋಚಿಸಲು ಏನೂ ಉಳಿಯುವುದಿಲ್ಲ. ಕನ್ನಡದ ಗುಣಿತಾಕ್ಷರದಲ್ಲಿ ವ್ಯಂಜನ ಮತ್ತು ಸ್ವರ ಎಂಬ ಎರಡು ಅಂಗಗಳಿರುವುದೇ ಇದಕ್ಕೆ ಕಾರಣ. ‘ಮ’ ಹೋಗಿ ‘ಬೆ’ ಬಂದಾಗ ಎರಡೂ ಅಂಗಗಳು ಏಕಕಾಲಕ್ಕೆ ಬದಲಾಗಿವೆ.

ಆದುದರಿಂದ ನಿಯಮವನ್ನು ಹೀಗೆ ಬಿಗಿಗೊಳಿಸಬೇಕು: ಒಂದು ಹೆಜ್ಜೆಯಲ್ಲಿ ಒಂದು ಅಕ್ಷರದ ವ್ಯಂಜನವನ್ನಾಗಲಿ ಸ್ವರವನ್ನಾಗಲಿ, ಯಾವುದಾದರೂ ಒಂದನ್ನು ಮಾತ್ರ ಬದಲಿಸಬೇಕು. ಈಗ ಮಳೆಯಿಂದ ಬೆಳೆಗೆ ಎರಡು ಹೆಜ್ಜೆಗಳು ಬೇಕು: ಮಳೆ – ಬಳೆ – ಬೆಳೆ. ಮೊದಲ ಹೆಜ್ಜೆಯಲ್ಲಿ ಮಕಾರ ಬಕಾರವಾಯಿತು, ಎರಡನೆಯದರಲ್ಲಿ ಅಕಾರ ಎಕಾರವಾಯಿತು.

ಇನ್ನೊಂದು ಹೆಜ್ಜೆ ಮುಂದೆ ಹೋದರೆ ಆಟದ ಸೆಳೆತ ಕಾಣುತ್ತದೆ. ಳಕಾರವನ್ನು ಲಕಾರವಾಗಿಸಿದರೆ ‘ಬೆಳೆ’ಯು ‘ಬೆಲೆ’ಯಾಗುತ್ತದೆ. ಮಳೆಯಿಂದ ಬೆಲೆಗೆ ಮೂರು ಹೆಜ್ಜೆ! ತಾಂಡೂರಿನ ಸುತ್ತಿನ ತೊಗರಿ ಬೆಳೆಯುವ ಮನೆಗಳ ಮಕ್ಕಳಿಗೆ ಈ ದಾರಿ ಆಟದಾಚೆಯೂ ಪರಿಚಿತ.

ಈ ಒಗಟಿನಲ್ಲಿ ಬದಲಾಗಬೇಕಾದ ಅಂಗಗಳು ಮೂರು. ಅವುಗಳನ್ನು ಯಾವ ಕ್ರಮದಲ್ಲಾದರೂ ಬದಲಿಸಬಹುದಾದ್ದರಿಂದ ಲೆಕ್ಕದ ಪ್ರಕಾರ ಆರು ದಾರಿಗಳಿವೆ. ಶಿಕ್ಷಕರು ಇವನ್ನು ಕರಿಹಲಗೆಯ ಮೇಲೆ ಬರೆದು ಒಂದೊಂದಾಗಿ ಪರೀಕ್ಷಿಸಬೇಕು. ನಾಲ್ಕು ದಾರಿಗಳು ಗುರಿ ಮುಟ್ಟುತ್ತವೆ:

ಮಳೆ – ಬಳೆ – ಬೆಳೆ – ಬೆಲೆ
ಮಳೆ – ಬಳೆ – ಬಲೆ – ಬೆಲೆ
ಮಳೆ – ಮಲೆ – ಬಲೆ – ಬೆಲೆ
ಮಳೆ – ಮೆಳೆ – ಬೆಳೆ – ಬೆಲೆ

ಉಳಿದ ಎರಡು ದಾರಿಗಳು ‘ಮೆಲೆ’ ಎಂಬಲ್ಲಿಗೆ ಬಂದು ನಿಲ್ಲುತ್ತವೆ. ಅಂತಹ ಪದ ಬಳಕೆಯಲ್ಲಿಲ್ಲ. ನಾಲ್ಕನೆಯ ದಾರಿಯಲ್ಲಿರುವ ‘ಮೆಳೆ’ ಎಂದರೆ ಪೊದೆ. ಅದು ಪದವೇ ಅಲ್ಲವೆಂದು ಕೆಲವು ಮಕ್ಕಳು ವಾದಿಸಬಹುದು. ಆ ವಾದವನ್ನು ತಡೆಯಬಾರದು. ಯಾವುದು ಪದ, ಯಾವುದು ಅಲ್ಲ ಎಂಬುದನ್ನು ಯಾರು ತೀರ್ಮಾನಿಸಬೇಕೆಂಬ ಪ್ರಶ್ನೆ ಅದರಿಂದಲೇ ಹುಟ್ಟುತ್ತದೆ. ಪ್ರಕಾಶಕರೂ ಅದೇ ಪ್ರಶ್ನೆಯನ್ನು ಕೇಳುವರು. ಒಂದು ನಿಘಂಟನ್ನು ಪ್ರಮಾಣವೆಂದು ಪತ್ರದಲ್ಲಿಯೇ ಹೆಸರಿಸುವುದು ಇದಕ್ಕೆ ಉತ್ತರ.

ವ್ಯಾಪ್ತಿಯನ್ನು ಗೊತ್ತುಪಡಿಸುವುದು

‘ಅನೇಕ ಒಗಟುಗಳಿವೆ’ ಎಂಬ ಮಾತಿನಿಂದ ಪ್ರಕಾಶಕರಿಗೆ ಕಾಗದದ ಲೆಕ್ಕವೂ ಸಿಗದು, ಓದುಗರ ವಯಸ್ಸೂ ತಿಳಿಯದು. ವ್ಯಾಪ್ತಿ ಎಂದರೆ ಏನಿದೆ ಎಂಬುದರ ಎಣಿಕೆ, ಜೊತೆಗೆ ಏನಿಲ್ಲ ಎಂಬುದರ ಗಡಿ.

ಮೊದಲು ಗಡಿಯನ್ನು ನೋಡೋಣ. ಎರಡಕ್ಷರದ ಪದಗಳಲ್ಲಿ ಒಂದಕ್ಕೊಂದು ಹತ್ತಿರವಾದವು ಹೇರಳವಾಗಿವೆ. ಮೂರಕ್ಷರಕ್ಕೆ ಬಂದೊಡನೆ ನೆರೆಯ ಪದಗಳು ವಿರಳವಾಗುತ್ತವೆ. ‘ತೊಗರಿ’ಯಿಂದ ಹೊರಟು ನೋಡಿದರೆ ಇದು ಮನದಟ್ಟಾಗುತ್ತದೆ. ಹಾಗಾಗಿ ಪುಸ್ತಕವನ್ನು ಎರಡಕ್ಷರದ ಪದಗಳಿಗೆ ಸೀಮಿತಗೊಳಿಸುವುದು ಲೇಸು. ಒತ್ತಕ್ಷರ ಮತ್ತು ಸೊನ್ನೆಗಳ ವಿಷಯವನ್ನೂ ತೀರ್ಮಾನಿಸಬೇಕು. ಅವು ಪದದಲ್ಲಿರಬಹುದು, ಆದರೆ ಅವುಗಳನ್ನು ಸೇರಿಸುವಂತಿಲ್ಲ, ತೆಗೆಯುವಂತಿಲ್ಲ, ಬದಲಿಸುವಂತಿಲ್ಲ ಎಂದು ಇಟ್ಟುಕೊಳ್ಳೋಣ. ಆಗ ಕಲ್ಲು – ಹಲ್ಲು – ಹುಲ್ಲು ಎಂಬುದು ಸರಿಯಾದ ಉತ್ತರ. ಬಂಡೆ – ಬೆಂಡೆ ಎಂಬುದು ಒಂದೇ ಹೆಜ್ಜೆಯ ದಾರಿ.

ಬಳಿಕ ಮಟ್ಟಗಳು. ಎರಡಕ್ಷರದ ಪದದಲ್ಲಿ ನಾಲ್ಕು ಅಂಗಗಳಿವೆ. ಎರಡು ಪದಗಳ ನಡುವೆ ಎಷ್ಟು ಅಂಗಗಳು ಭಿನ್ನವೋ ಕನಿಷ್ಠ ಅಷ್ಟು ಹೆಜ್ಜೆಗಳು ಬೇಕು. ನೇರ ದಾರಿ ಮುಚ್ಚಿದ್ದರೆ ಸುತ್ತಿ ಹೋಗಬೇಕು. ‘ಹಾಲು’ ಮತ್ತು ‘ಬಾಲ’ ಇವುಗಳ ನಡುವೆ ಭಿನ್ನವಾದ ಅಂಗಗಳು ಎರಡೇ. ಆದರೆ ನಡುವೆ ಬರಬೇಕಾದ ‘ಬಾಲು’ ಆಗಲಿ ‘ಹಾಲ’ ಆಗಲಿ ಸ್ವತಂತ್ರ ಪದಗಳಾಗಿ ಬಳಕೆಯಲ್ಲಿಲ್ಲ. ಆದುದರಿಂದ ಹಾಲು – ಕಾಲು – ಕಾಲ – ಬಾಲ ಎಂದು ಮೂರು ಹೆಜ್ಜೆ ಇಡಬೇಕಾಗುತ್ತದೆ. ಇಂತಹ ಸುತ್ತುದಾರಿಯ ಒಗಟುಗಳೇ ಕಠಿಣ ಮಟ್ಟದವು. ಹೀಗೆ ಮಟ್ಟವನ್ನು ಕಾರಣಸಹಿತವಾಗಿ ಹೇಳಬಹುದು, ‘ಸುಲಭ’, ‘ಕಷ್ಟ’ ಎಂಬ ಅಂದಾಜಿನ ಮಾತುಗಳನ್ನು ಬಿಡಬಹುದು.

ಕೊನೆಗೆ ಪುಟಗಳ ಲೆಕ್ಕ. ಮುದ್ರಣಾಲಯಗಳಲ್ಲಿ ಪುಸ್ತಕವನ್ನು ಸಾಮಾನ್ಯವಾಗಿ 16 ಪುಟಗಳ ಫಾರಂಗಳಲ್ಲಿ ಎಣಿಸುತ್ತಾರೆ. ಪುಟಕ್ಕೆ ಎರಡರಂತೆ 40 ಒಗಟುಗಳಿಗೆ 20 ಪುಟ, ಶೀರ್ಷಿಕೆಗೆ 2, ನಿಯಮಕ್ಕೆ 2, ಉತ್ತರಗಳಿಗೆ 6, ಪದಾರ್ಥಗಳಿಗೆ 2 ಎಂದರೆ 32 ಪುಟಗಳು, ಅಂದರೆ ಎರಡು ಫಾರಂ. ಒಗಟುಗಳು 41 ಆದರೆ ಒಂದು ಪುಟ ಹೆಚ್ಚಿ ಮೂರನೆಯ ಫಾರಂ ತೆರೆಯಬೇಕಾದೀತು. 40 ಎಂಬ ಸಂಖ್ಯೆಗೆ ಆಧಾರವಿರುವುದು ಇಲ್ಲಿ.

ಮಾದರಿ ಪತ್ರ

ತಾಂಡೂರು
ದಿನಾಂಕ: ……

ಮಾನ್ಯ ಪ್ರಕಾಶಕರಿಗೆ,
ವಂದನೆಗಳು.

ವಿಷಯ: ‘ಅಕ್ಷರದ ಏಣಿ’ ಎಂಬ ಪದದಾಟದ ಪುಸ್ತಕದ ಪ್ರಸ್ತಾವ

‘ಮಳೆ’ಯಿಂದ ‘ಬೆಲೆ’ಗೆ ಮೂರು ಹೆಜ್ಜೆಗಳಲ್ಲಿ ಹೋಗಬಹುದು: ಮಳೆ – ಬಳೆ – ಬೆಳೆ – ಬೆಲೆ. ಪ್ರತಿ ಹೆಜ್ಜೆಯಲ್ಲಿಯೂ ಒಂದು ಅಕ್ಷರದ ವ್ಯಂಜನ ಅಥವಾ ಸ್ವರ ಮಾತ್ರ ಬದಲಾಗಬೇಕು. ಸಿಗುವ ಪ್ರತಿಯೊಂದೂ ಅರ್ಥವುಳ್ಳ ಪದವಾಗಿರಬೇಕು. ಇದೇ ಆಟದ ಸಂಪೂರ್ಣ ನಿಯಮ. ‘ಕಲ್ಲಿ’ನಿಂದ ‘ಹುಲ್ಲಿ’ಗೆ ಎರಡು ಹೆಜ್ಜೆಗಳಲ್ಲಿ ತಲುಪುವ ದಾರಿಯನ್ನು ತಾವೇ ಹುಡುಕಿ ನೋಡಬಹುದು.

ಈ ಬಗೆಯ 40 ಒಗಟುಗಳ 32 ಪುಟಗಳ ಪುಸ್ತಕವನ್ನು ಸಿದ್ಧಪಡಿಸುತ್ತಿದ್ದೇವೆ. ಎರಡು ಹೆಜ್ಜೆಯವು 15, ಮೂರು ಹೆಜ್ಜೆಯವು 15, ಸುತ್ತುದಾರಿಯವು 10. ಎಲ್ಲವೂ ಎರಡಕ್ಷರದ ಪದಗಳು. ಒತ್ತಕ್ಷರ ಹಾಗೂ ಸೊನ್ನೆಗಳನ್ನು ಬದಲಿಸುವ ಒಗಟುಗಳು ಇದರಲ್ಲಿಲ್ಲ. ಪದಗಳಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ‘ಸಂಕ್ಷಿಪ್ತ ಕನ್ನಡ ನಿಘಂಟು’ ಪ್ರಮಾಣ. ಪ್ರತಿ ಒಗಟಿನ ಅತಿ ಚಿಕ್ಕ ದಾರಿಗಳೆಲ್ಲವನ್ನೂ ಕೊನೆಯಲ್ಲಿ ಕೊಡಲಾಗುವುದು. ಗುಣಿತಾಕ್ಷರಗಳನ್ನು ಬಲ್ಲ, 10 ವರ್ಷ ಮೇಲ್ಪಟ್ಟ ಮಕ್ಕಳು ಇದರ ಓದುಗರು.

25 ಒಗಟುಗಳು ಸಿದ್ಧವಾಗಿದ್ದು ನಮ್ಮ ಶಾಲೆಯ ಏಳನೆಯ ತರಗತಿಯಲ್ಲಿ ಆಡಿ ನೋಡಲಾಗಿದೆ. ಉಳಿದವು ಮೂರು ತಿಂಗಳಲ್ಲಿ ಮುಗಿಯುವುವು. ತಾವು ಬಯಸಿದಲ್ಲಿ 10 ಒಗಟುಗಳನ್ನು ಉತ್ತರಸಹಿತ ಕಳುಹಿಸುತ್ತೇವೆ. ಕಳುಹಿಸಬಹುದೇ ಎಂದು ತಿಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
……

ಪತ್ರದ ವಿಶ್ಲೇಷಣೆ

ಮೊದಲ ವಾಕ್ಯದಲ್ಲಿಯೇ ಆಟ ಆರಂಭವಾಗಿರುವುದನ್ನು ಗಮನಿಸಬೇಕು. ‘ಈ ಆಟವು ಮಕ್ಕಳ ಬುದ್ಧಿಶಕ್ತಿಯನ್ನು ಬೆಳೆಸುತ್ತದೆ’ ಎಂದು ವಿದ್ಯಾರ್ಥಿಗಳು ತೊಡಗುವುದು ಸಹಜ. ಅದು ಯಾವ ಆಟಕ್ಕಾದರೂ ಹೊಂದುವ ಮಾತಾದ್ದರಿಂದ ಪ್ರಕಾಶಕರಿಗೆ ಏನನ್ನೂ ತಿಳಿಸುವುದಿಲ್ಲ. ಬಿಡಿಸಿದ ಒಗಟು ನಿಯಮವನ್ನು ತೋರಿಸಿದರೆ, ಬಿಡಿಸದೆ ಬಿಟ್ಟ ಒಗಟು ಓದುವವರ ಕೈಗೆ ಆಟವನ್ನು ಕೊಡುತ್ತದೆ. ಅದು ಸುಲಭವಾಗಿಯೇ ಇರಬೇಕು. ಅರೆ ನಿಮಿಷದಲ್ಲಿ ಬಿಡಿಸಲಾಗದಿದ್ದರೆ ಓದುಗರು ಪತ್ರವನ್ನು ಬದಿಗಿಟ್ಟಾರು.

ಕೊನೆಯ ಕೋರಿಕೆಯೂ ಚಿಕ್ಕದು. ಪುಸ್ತಕವನ್ನು ಅಚ್ಚು ಹಾಕಿಸಿ ಎಂದು ಕೇಳದೆ, ಹತ್ತು ಒಗಟುಗಳನ್ನು ಕಳುಹಿಸಬಹುದೇ ಎಂದಷ್ಟೇ ಕೇಳಲಾಗಿದೆ. ಅದಕ್ಕೆ ಹೌದೆನ್ನಲು ಪ್ರಕಾಶಕರು ಹಣ ತೊಡಗಿಸಬೇಕಾಗಿಲ್ಲ.

ತರಗತಿಯ ಚಟುವಟಿಕೆ

1. ವಿದ್ಯಾರ್ಥಿಗಳನ್ನು ನಾಲ್ವರ ಗುಂಪುಗಳಾಗಿಸಿ ‘ನರಿ’ಯಿಂದ ‘ಕುರಿ’ಗೆ ದಾರಿ ಹುಡುಕಿಸಿರಿ. ನರಿ – ಕರಿ – ಕುರಿ ಎಂಬುದು ಬೇಗ ಸಿಗುತ್ತದೆ. ‘ನುರಿ’ ಎಂಬ ಧಾತುವಿನ ಮೂಲಕವೂ ಹೋಗಬಹುದೆಂದು ಯಾರಾದರೂ ಹೇಳಿದರೆ, ಧಾತುಗಳು ಸಲ್ಲುವುವೇ ಎಂಬುದನ್ನು ತರಗತಿಯೇ ತೀರ್ಮಾನಿಸಿ ನಿಯಮಕ್ಕೆ ಸೇರಿಸಲಿ.

2. ಪ್ರತಿ ಗುಂಪು ಮೂರು ಹೊಸ ಒಗಟುಗಳನ್ನು ರಚಿಸಿ, ಅವುಗಳ ಬಗೆಗೆ 150 ಪದಗಳನ್ನು ಮೀರದ ಪ್ರಸ್ತಾವ ಪತ್ರವನ್ನು ಬರೆಯಲಿ.

3. ಆಟವನ್ನು ಅರಿಯದ ಬೇರೊಂದು ತರಗತಿಯ ವಿದ್ಯಾರ್ಥಿಗೆ ಪತ್ರವನ್ನು ಕೊಟ್ಟು, ಅದರಲ್ಲಿನ ಬಿಡಿಸದ ಒಗಟನ್ನು ಬಿಡಿಸಲು ಹೇಳಿರಿ. ಬರೆದವರು ಮಾತನಾಡಕೂಡದು, ಓದುವವನು ಕೇಳಿದ ಪ್ರಶ್ನೆಗಳನ್ನು ಮಾತ್ರ ಬರೆದುಕೊಳ್ಳಬೇಕು. ಅವನು ಕೇಳಿದ ಪ್ರತಿಯೊಂದು ಪ್ರಶ್ನೆಯೂ ಪತ್ರದಲ್ಲಿ ಬಿಟ್ಟುಹೋದ ಒಂದು ವಾಕ್ಯ. ಅವನ್ನು ಸೇರಿಸಿ ಪತ್ರವನ್ನು ತಿದ್ದಿಸಿರಿ.

ಮೌಲ್ಯಮಾಪನ (10 ಅಂಕಗಳು)

ನಿಯಮದ ಸ್ಪಷ್ಟತೆಗೆ 3, ಬಿಡಿಸಿದ ಮತ್ತು ಬಿಡಿಸದ ಉದಾಹರಣೆಗಳಿಗೆ 3, ವ್ಯಾಪ್ತಿಯ ಎಣಿಕೆ ಹಾಗೂ ಗಡಿಗಳಿಗೆ 2, ಪತ್ರದ ರೂಪ ಮತ್ತು ಕೋರಿಕೆಗೆ 2. ಉದಾಹರಣೆಯ ಯಾವುದೇ ಹೆಜ್ಜೆಯಲ್ಲಿ ಎರಡು ಅಂಗಗಳು ಒಮ್ಮೆಗೇ ಬದಲಾಗಿದ್ದರೆ ಉದಾಹರಣೆಯ ಅಂಕಗಳನ್ನು ಕೊಡಬಾರದು. ತನ್ನ ನಿಯಮವನ್ನು ತಾನೇ ಮೀರಿದ ಆಟವನ್ನು ಪ್ರಕಾಶಕರು ಒಪ್ಪಲಾರರು.