ಫೋನಿನಲ್ಲಿ ತೆರೆಯುವ ತಾಣ ಲ್ಯಾಪ್‌ಟಾಪಿನಲ್ಲಿ ಏಕಿಲ್ಲ?

ಪ್ರಶ್ನೆ: ಒಂದು ಜಾಲತಾಣ ಮಾತ್ರ ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ತೆರೆಯುವುದಿಲ್ಲ, ಅದೇ ವೈಫೈನಲ್ಲಿ ಫೋನಿನಲ್ಲಿ ತೆರೆಯುತ್ತದೆ. ಡಿಎನ್‌ಎಸ್ ಬದಲಿಸಿಯೂ ನೋಡಿದೆ.

ಉತ್ತರ: ನನ್ನ ಗುಮಾನಿ `hosts` ಕಡತದ ಮೇಲೆ. ವಿಂಡೋಸ್ ಡಿಎನ್‌ಎಸ್ ಅನ್ನು ಕೇಳುವ ಮೊದಲೇ ಇದನ್ನು ನೋಡುತ್ತದೆ. ಡಿಎನ್‌ಎಸ್ ಬದಲಿಸಿ ಫಲ ಕಾಣದಿರುವುದು ಅದಕ್ಕೇ. ಹಳೆಯ ಜಾಹೀರಾತು ತಡೆಯುವ ತಂತ್ರಾಂಶವನ್ನು ತೆಗೆದುಹಾಕಿದರೂ ಅದು ಬರೆದ ಸಾಲು ಅಲ್ಲೇ ಉಳಿದಿರಬಹುದು. `ping` ಈ ಕಡತವನ್ನು ಪಾಲಿಸುತ್ತದೆ, `nslookup` ನೇರ ಡಿಎನ್‌ಎಸ್ ಅನ್ನೇ ಕೇಳುತ್ತದೆ. ತಾಣದ ಹೆಸರಿಗೆ ಮೊದಲನೆಯದು 127.0.0.1 ತೋರಿಸಿ, ಎರಡನೆಯದು ಬೇರೆ ವಿಳಾಸ ಕೊಟ್ಟರೆ ಸಂಶಯ ಬಲವಾಗುತ್ತದೆ. ದೊಡ್ಡ ತಾಣಗಳಿಗೆ ಹಲವು ವಿಳಾಸಗಳಿರುತ್ತವಲ್ಲ ಎನ್ನಬಹುದು. ನಿಜ, ಆದರೆ 127.0.0.1 ಎಂದರೆ ನಿಮ್ಮದೇ ಯಂತ್ರ. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಕೆಳಗಿನ ಕಡತದ ನಕಲಿಟ್ಟುಕೊಂಡು, ಮೂಲ ಕಡತದಲ್ಲಿ ಆ ತಾಣದ ಹೆಸರಿರುವ ಸಾಲಿನ ಆರಂಭದಲ್ಲಿ `#` ಹಾಕಿ ಉಳಿಸಿ.

```
C:\Windows\System32\drivers\etc\hosts
```

ಕಚೇರಿಯ ಯಂತ್ರವಾದರೆ ಮುಟ್ಟಬೇಡಿ. ಐಟಿಯವರೇ ಬೇಕೆಂದು ಬರೆದಿರಬಹುದು. ಸಾಲು ಮತ್ತೆ ಮೂಡಿದರೆ, ಅಥವಾ ಅಲ್ಲಿ ಬ್ಯಾಂಕಿನ ಹೆಸರು ಕಂಡರೆ, ಆ ಯಂತ್ರದಲ್ಲಿ ಪಾಸ್‌ವರ್ಡ್ ಹಾಕದೆ ತಂತ್ರಜ್ಞರಿಗೆ ತೋರಿಸಿ.