ಬಿಲ್ಲಿನ ಅಡಿಯ ಸಾಲು: ಬೇಗ ಹಣ ಕೊಟ್ಟರೆ ಸಿಗುವ ಕಡಿತದ ಲೆಕ್ಕ

ಪ್ರಶ್ನೆ: ದಾವಣಗೆರೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬೆಂಗಳೂರಿನ ಡೀಲರ್ ಒಬ್ಬರಿಂದ 2025ರ ಜೂನ್ 5ರ ತಾರೀಖಿನ ಬಿಲ್ ಬಂತು. ಮಾಲಿನ ಬೆಲೆ 1,00,000, ಸಿಜಿಎಸ್‌ಟಿ 9,000, ಎಸ್‌ಜಿಎಸ್‌ಟಿ 9,000, ಒಟ್ಟು 1,18,000 ರೂಪಾಯಿ. ಅಡಿಯಲ್ಲಿ ಸಣ್ಣಕ್ಷರದಲ್ಲಿ ‘ಪೇಮೆಂಟ್ 30 ಡೇಸ್. ಸಿಡಿ 2% ಆನ್ ಬೇಸಿಕ್, ಇಫ್ ರಿಯಲೈಸ್ಡ್ ವಿದಿನ್ 10 ಡೇಸ್ ಫ್ರಮ್ ಇನ್‌ವಾಯ್ಸ್ ಡೇಟ್’ ಎಂದಿತ್ತು. ಹೇಗೂ ಬೇಗ ಕೊಡುತ್ತೇವೆಂದು ಬಿಲ್ ಬಂದ ದಿನವೇ 2% ಕಳೆದು ಖರೀದಿ 98,000, ತೆರಿಗೆ 17,640 ಎಂದು ಎಂಟ್ರಿ ಹಾಕಿದೆ. ಜೂನ್ 12ರಂದು ನೆಫ್ಟ್ ಮೂಲಕ 1,15,640 ಕಳಿಸಿದೆವು. ಈಗ ಡೀಲರ್ ಕಡೆಯವರು ಇನ್ನೂ 360 ರೂಪಾಯಿ ಬಾಕಿ ಎನ್ನುತ್ತಾರೆ. ಜಿಎಸ್‌ಟಿಆರ್-2ಬಿಯಲ್ಲಿ 18,000 ತೋರಿಸುತ್ತಿದೆ, ನಮ್ಮ ಪುಸ್ತಕದಲ್ಲಿ 17,640 ಇದೆ. ತಪ್ಪು ಯಾರದು?

ಉತ್ತರ: ಡೀಲರ್ ಕೇಳುತ್ತಿರುವುದು ಸರಿಯಾಗಿದೆ. ನಿಮ್ಮಲ್ಲಿ 360ರ ವ್ಯತ್ಯಾಸ ಎರಡು ಕಡೆ ಬಂದಿದೆ: ಒಂದು ಅವರ ಬಾಕಿಯಲ್ಲಿ, ಇನ್ನೊಂದು 2ಬಿಯಲ್ಲಿ. ಎರಡಕ್ಕೂ ಮೂಲ ಒಂದೇ, 2,000 ರೂಪಾಯಿ ಕಡಿತದ ಮೇಲಿನ 18% ತೆರಿಗೆ.

ಮೊದಲು ಆ ಸಾಲನ್ನೇ ನಿಧಾನವಾಗಿ ಓದೋಣ. ‘ಆನ್ ಬೇಸಿಕ್’ ಎಂದರೆ ತೆರಿಗೆ ಸೇರಿಸುವ ಮುಂಚಿನ ಮಾಲಿನ ಬೆಲೆಯ ಮೇಲೆ ಎಂದರ್ಥ. ಬಾಡಿಗೆ, ಹಮಾಲಿಯನ್ನು ಬೇರೆ ಸಾಲಿನಲ್ಲಿ ಹಾಕಿದ್ದರೆ ಸಾಮಾನ್ಯವಾಗಿ ಅವೂ ಇದರಲ್ಲಿ ಸೇರುವುದಿಲ್ಲ. ಹಾಗಾಗಿ ನಿಮಗೆ ಸಿಗುವ ಕಡಿತ 1,00,000ದ 2%, ಅಂದರೆ 2,000. ನೀವು ಇಡೀ 1,18,000ದ ಮೇಲೆ ಲೆಕ್ಕ ಹಾಕಿ 2,360 ಹಿಡಿದುಕೊಂಡಿದ್ದೀರಿ. ‘ಆನ್ ಬಿಲ್ ವ್ಯಾಲ್ಯೂ’ ಎಂದಿದ್ದರೆ ನಿಮ್ಮ ಲೆಕ್ಕವೇ ನಿಲ್ಲುತ್ತಿತ್ತು. ಯಾವುದರ ಮೇಲೆ ಎಂದು ಬರೆಯದೆ ಬರೀ ‘2% ಸಿಡಿ’ ಎಂದಿದ್ದರೆ, ಹಣ ಕಳಿಸುವ ಮುಂಚೆಯೇ ಫೋನ್ ಮಾಡಿ ಕೇಳಿ.

‘ರಿಯಲೈಸ್ಡ್’ ಎಂಬ ಪದವನ್ನೂ ಹಗುರವಾಗಿ ನೋಡಬೇಡಿ. ನೀವು ಹಣ ಕಳಿಸಿದ ದಿನವಲ್ಲ, ಅವರ ಖಾತೆಗೆ ಜಮಾ ಆದ ದಿನವೇ ಲೆಕ್ಕಕ್ಕೆ. ಜೂನ್ 5ಕ್ಕೆ ಹತ್ತು ದಿನ ಸೇರಿಸಿದರೆ ಜೂನ್ 15, ಅದು ಭಾನುವಾರ. 14 ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಶುಕ್ರವಾರ ಚೆಕ್ ಕೊಟ್ಟಿದ್ದರೆ ಅದು ಜಮಾ ಆಗುವಷ್ಟರಲ್ಲಿ ಗಡುವು ದಾಟುತ್ತಿತ್ತು. ನೆಫ್ಟ್ ರಜಾದಿನವೂ ನಡೆಯುತ್ತದೆ. ನೀವು 12ಕ್ಕೇ ಕಳಿಸಿದ್ದರಿಂದ ಗಡುವಿನ ವಿಷಯದಲ್ಲಿ ತಕರಾರಿಲ್ಲ. ಬಿಲ್ ತಾರೀಖನ್ನೇ ಮೊದಲ ದಿನವೆಂದು ಎಣಿಸುವ ವ್ಯಾಪಾರಿಗಳೂ ಇದ್ದಾರೆ. ಆದ್ದರಿಂದ ಕೊನೆಯ ದಿನದವರೆಗೆ ಕಾಯದಿರುವುದು ಒಳ್ಳೆಯದು.

ಇನ್ನು ಪುಸ್ತಕದ ವಿಷಯ. ಬಿಲ್ ಬರೆಯುವಾಗಲೇ ಬೆಲೆಯಿಂದ ಕಳೆದು ತೋರಿಸುವ ಟ್ರೇಡ್ ಡಿಸ್ಕೌಂಟ್ ಬೇರೆ, ಹಣ ಬೇಗ ಬಂದರೆ ಮಾತ್ರ ಕೊಡುವ ಈ ಕ್ಯಾಶ್ ಡಿಸ್ಕೌಂಟ್ ಬೇರೆ. ಟ್ರೇಡ್ ಡಿಸ್ಕೌಂಟ್ ಇದ್ದರೆ ತೆರಿಗೆ ಹಾಕಿರುವುದೇ ಕಳೆದ ಮೊತ್ತದ ಮೇಲೆ. ಕ್ಯಾಶ್ ಡಿಸ್ಕೌಂಟ್ ಜೂನ್ 5ರಂದು ಇನ್ನೂ ಹುಟ್ಟೇ ಇರಲಿಲ್ಲ. ನೀವು 20ನೇ ದಿನ ಹಣ ಕೊಟ್ಟಿದ್ದರೆ ಅದು ಸಿಗುತ್ತಲೇ ಇರಲಿಲ್ಲ. ಆದ್ದರಿಂದ ಬಿಲ್ಲನ್ನು ಇದ್ದಂತೆಯೇ ಏರಿಸಬೇಕು: ಖರೀದಿ 1,00,000, ಇನ್‌ಪುಟ್ ಸಿಜಿಎಸ್‌ಟಿ 9,000, ಇನ್‌ಪುಟ್ ಎಸ್‌ಜಿಎಸ್‌ಟಿ 9,000 ಡೆಬಿಟ್, ಡೀಲರ್ ಖಾತೆ 1,18,000 ಕ್ರೆಡಿಟ್. ಕಡಿತದ ಎಂಟ್ರಿ ಬರಬೇಕಾದ್ದು ಹಣ ಕೊಟ್ಟ ಮೇಲೆ.

ಅದು ಹೇಗಿರಬೇಕು ಎಂಬುದನ್ನು ಡೀಲರ್ ಕೊಡುವ ಕ್ರೆಡಿಟ್ ನೋಟ್ ನಿರ್ಧರಿಸುತ್ತದೆ. ಅದರಲ್ಲಿ ತೆರಿಗೆಯ ಸಾಲು ಇಲ್ಲದೆ ಬರೀ 2,000 ಎಂದಿದ್ದರೆ ಅದು ಕಮರ್ಷಿಯಲ್ ಕ್ರೆಡಿಟ್ ನೋಟ್. ಅವರು ಸರ್ಕಾರಕ್ಕೆ ಕಟ್ಟುವ 18,000 ತೆರಿಗೆಯಲ್ಲಿ ಏನನ್ನೂ ಕಡಿಮೆ ಮಾಡಿಕೊಂಡಿಲ್ಲ, ಆದ್ದರಿಂದ ನೀವೂ ಇನ್‌ಪುಟ್ ತೆರಿಗೆಯನ್ನು ಮುಟ್ಟಬೇಕಿಲ್ಲ. 2025ರ ಸೆಪ್ಟೆಂಬರ್ 12ರ 251ನೇ ಸುತ್ತೋಲೆಯಲ್ಲಿ ಸಿಬಿಐಸಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಆಗ ನೀವು ಕೊಡಬೇಕಾದ್ದು 1,16,000. ಡೀಲರ್ ಖಾತೆಗೆ 1,18,000 ಡೆಬಿಟ್, ಬ್ಯಾಂಕಿಗೆ 1,16,000 ಕ್ರೆಡಿಟ್, ಡಿಸ್ಕೌಂಟ್ ರಿಸೀವ್ಡ್ ಖಾತೆಗೆ 2,000 ಕ್ರೆಡಿಟ್.

ಕ್ರೆಡಿಟ್ ನೋಟಿನಲ್ಲಿ 2,000ದ ಜೊತೆ ಸಿಜಿಎಸ್‌ಟಿ 180, ಎಸ್‌ಜಿಎಸ್‌ಟಿ 180 ಎಂದೂ ಇದ್ದರೆ ಅದು ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರದ ನೋಟ್. ಆಗ 1,15,640 ಕೊಟ್ಟರೆ ಸಾಕು. ಆದರೆ ನೀವು ಪಡೆದಿದ್ದ ಇನ್‌ಪುಟ್ ತೆರಿಗೆಯಲ್ಲಿ 360 ವಾಪಸು ಮಾಡಬೇಕು. ಅಂದರೆ ಡಿಸ್ಕೌಂಟ್‌ಗೆ 2,000, ಎರಡು ಇನ್‌ಪುಟ್ ಖಾತೆಗಳಿಗೆ ತಲಾ 180 ಕ್ರೆಡಿಟ್. ಎರಡೂ ದಾರಿಯಲ್ಲಿ ನಿಮಗೆ ನಿಜವಾಗಿ ಉಳಿಯುವುದು 2,000ವೇ.

ನೀವು ಮಾಡಿದ್ದು ಏನಾಗಿದೆ ನೋಡಿ. ಡೀಲರ್‌ಗೆ 360 ಕಡಿಮೆ ಕೊಟ್ಟಿರಿ, ಅಷ್ಟೇ ಇನ್‌ಪುಟ್ ತೆರಿಗೆಯನ್ನು ಕೈಬಿಟ್ಟಿರಿ. ಅಂದರೆ ಜಿಎಸ್‌ಟಿ ಸಹಿತದ ಕ್ರೆಡಿಟ್ ನೋಟ್ ಬಂದಿದೆ ಎಂಬಂತೆ ಬರೆದಿದ್ದೀರಿ. ಅವರು 360 ಕೇಳುತ್ತಿರುವುದನ್ನು ನೋಡಿದರೆ ಬರೀ 2,000ದ ನೋಟನ್ನೇ ಮಾಡಿದ್ದಾರೆ ಎನಿಸುತ್ತದೆ. ಅದರ ಪ್ರತಿ ತರಿಸಿಕೊಂಡು ಖಚಿತಪಡಿಸಿಕೊಳ್ಳಿ. ಹಾಗೇ ಇದ್ದರೆ ಖರೀದಿ ಎಂಟ್ರಿಯನ್ನು ಪೂರ್ತಿ ಮೊತ್ತಕ್ಕೆ ತಿದ್ದಿ, 2,000ಕ್ಕೆ ಜರ್ನಲ್ ಹಾಕಿ, 360 ಕಳಿಸಿ. ರಿಟರ್ನ್‌ನಲ್ಲಿ ಬಿಟ್ಟುಹೋದ 360 ಇನ್‌ಪುಟ್ ತೆರಿಗೆಯನ್ನು ಮುಂದಿನ ತಿಂಗಳ 3ಬಿಯಲ್ಲಿ ತೆಗೆದುಕೊಳ್ಳಬಹುದು. 2025-26ರ ಬಿಲ್ಲಿಗೆ 2026ರ ನವೆಂಬರ್ 30ರವರೆಗೆ ಅವಕಾಶವಿದೆ. ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದರೆ ಅಲ್ಲಿಗೇ ಮುಗಿಯುತ್ತದೆ.

ಟ್ಯಾಲಿ ಬಳಸುವುದಾದರೆ ಜರ್ನಲ್‌ನಲ್ಲಿ ಡೀಲರ್ ಹೆಸರಿನ ಮುಂದೆ `Agst Ref` ಆಯ್ದು ಅದೇ ಬಿಲ್ ನಂಬರಿಗೆ ಜೋಡಿಸಿ. ಇಲ್ಲದಿದ್ದರೆ ಬಾಕಿ ಪಟ್ಟಿಯಲ್ಲಿ ಆ ಬಿಲ್ಲಿನ ಮುಂದೆ 2,000 ಉಳಿದೇ ಇರುತ್ತದೆ. ಪಟ್ಟಿಯಲ್ಲಿ ಹಳೆಯ ಬಿಲ್ಲುಗಳ ಮುಂದೆ ಸರಿಯಾಗಿ ಬೇಸಿಕ್‌ನ 2%ನಷ್ಟು ಬಾಲ ಕಂಡರೆ, ಅಲ್ಲೆಲ್ಲ ಕಡಿತದ ಎಂಟ್ರಿ ಬಿಟ್ಟುಹೋಗಿದೆ ಎಂದು ತಿಳಿಯಿರಿ. ಕ್ರೆಡಿಟ್ ನೋಟಿನ ಕಾಗದ ಇಲ್ಲದೆ ಕಡಿತವನ್ನು ಬರೆದು ಮುಗಿಸಬೇಡಿ. ಬಿಲ್ ತಾರೀಖಿನಿಂದ 180 ದಿನದೊಳಗೆ ಕೊಡದ ಹಣಕ್ಕೆ ಇನ್‌ಪುಟ್ ತೆರಿಗೆ ವಾಪಸು ಮಾಡಬೇಕೆಂಬ ನಿಯಮವಿದೆ. ಆ 2,000 ಬಾಕಿಯಲ್ಲ, ಕಡಿತ ಎಂದು ತೋರಿಸುವುದು ಆ ಕಾಗದವೇ.

ಪ್ರಶ್ನೆ: ನಾವು ಹುಬ್ಬಳ್ಳಿಯಲ್ಲಿ ಪೈಪ್, ಫಿಟ್ಟಿಂಗ್ಸ್ ಹೋಲ್‌ಸೇಲ್ ಮಾರುತ್ತೇವೆ. ಹತ್ತು ದಿನದೊಳಗೆ 2% ಎಂದು ಬಿಲ್ಲಿನಲ್ಲಿ ಹಾಕಿದ್ದರೂ ಕೆಲವು ಗಿರಾಕಿಗಳು 25ನೇ ದಿನ ಹಣ ಕೊಟ್ಟು 2% ಹಿಡಿದುಕೊಳ್ಳುತ್ತಾರೆ. ನಮ್ಮ ಹುಡುಗ ಬಂದಷ್ಟಕ್ಕೆ ರಸೀದಿ ಹಾಕಿ ಉಳಿದದ್ದನ್ನು ಡಿಸ್ಕೌಂಟ್ ಖಾತೆಗೆ ತಳ್ಳುತ್ತಾನೆ. ಇದು ಸರಿಯೇ?

ಉತ್ತರ: ಸರಿಯಲ್ಲ. ಗಡುವು ಮುಗಿದ ಮೇಲೆ ಅದು ಕಡಿತವಲ್ಲ, ನಿಮಗೆ ಬರಬೇಕಾದ ಬಾಕಿ. ಬಂದಷ್ಟನ್ನು ಮಾತ್ರ ಬಿಲ್ಲಿಗೆ ಹಾಕಿ, ಉಳಿದದ್ದು ಗಿರಾಕಿಯ ಖಾತೆಯಲ್ಲೇ ನಿಲ್ಲಲಿ. ತಿಂಗಳ ಸ್ಟೇಟ್‌ಮೆಂಟ್ ಕಳಿಸಿದಾಗ ಅದು ಅವರ ಕಣ್ಣಿಗೆ ಬೀಳುತ್ತದೆ. ಹಳೆಯ ಗಿರಾಕಿ ಎಂದು ಬಿಟ್ಟುಕೊಡುವುದಾದರೆ ಆ ನಿರ್ಧಾರ ನಿಮ್ಮದಿರಲಿ, ಲೆಕ್ಕ ಬರೆಯುವ ಹುಡುಗನದಲ್ಲ. ಹಾಗೆ ಬಿಟ್ಟ ಮೊತ್ತಕ್ಕೆ ಕಮರ್ಷಿಯಲ್ ಕ್ರೆಡಿಟ್ ನೋಟ್ ಕೊಟ್ಟು ಬೇರೆ ಲೆಡ್ಜರಿನಲ್ಲಿ ಇಡಿ. ನೀವು ಕಟ್ಟಿದ ಜಿಎಸ್‌ಟಿಯನ್ನು ಅದಕ್ಕಾಗಿ ಕಡಿಮೆ ಮಾಡಿಕೊಳ್ಳಬೇಡಿ. ವರ್ಷದ ಕೊನೆಗೆ ಡಿಸ್ಕೌಂಟ್ ಖಾತೆಯನ್ನೂ ಆ ಲೆಡ್ಜರನ್ನೂ ನೋಡಿದರೆ, ಸಮಯಕ್ಕೆ ಕೊಟ್ಟವರಿಗೆ ಎಷ್ಟು ಹೋಯಿತು, ಸುಮ್ಮನೆ ಎಷ್ಟು ಸೋರಿತು ಎಂಬುದು ಬೇರೆಬೇರೆಯಾಗಿ ಗೊತ್ತಾಗುತ್ತದೆ.

ಬಿಲ್ಲಿನ ಸಾಲನ್ನೂ ಬದಲಿಸಿ. ಹೀಗೆ ಅಚ್ಚು ಹಾಕಿಸಬಹುದು: ‘ಬಿಲ್ ತಾರೀಖಿನ ಮರುದಿನದಿಂದ ಎಣಿಸಿ 10 ದಿನದೊಳಗೆ ಪೂರ್ತಿ ಹಣ ನಮ್ಮ ಖಾತೆಗೆ ಜಮಾ ಆದರೆ, ತೆರಿಗೆ ಮತ್ತು ಬಾಡಿಗೆ ಬಿಟ್ಟು ಮಾಲಿನ ಬೆಲೆಯ ಮೇಲೆ 2% ಕಡಿತ. ಇದಕ್ಕೆ ಜಿಎಸ್‌ಟಿ ಇಲ್ಲದ ಕ್ರೆಡಿಟ್ ನೋಟ್ ಕೊಡಲಾಗುವುದು.’ ಜೊತೆಗೆ ಆ ಹತ್ತನೇ ದಿನದ ತಾರೀಖನ್ನೂ, ಅಷ್ಟರೊಳಗೆ ಕೊಟ್ಟರೆ ಕಟ್ಟಬೇಕಾದ ನಿಖರ ಮೊತ್ತವನ್ನೂ ಬಿಲ್ಲಿನಲ್ಲೇ ನಮೂದಿಸಿ.